ಹುಬ್ಬಳ್ಳಿಯಲ್ಲೇ ಕೂತು ಹೆಲ್ಪ್ ಬರೆದು ತಿಂಗಳ ದುಡ್ಡು ಎಣಿಸಿದ್ದು

"ಬೆಂಗಳೂರಿಗೆ ಹೋಗದೇ ಇದು ಆಗೂದಿಲ್ಲಲೇ" ಅಂತ ಗೆಳೆಯರು ಹೇಳಿದ್ದರು, ಸಾಫ್ಟ್‌ವೇರ್ ಬಳಸುವುದು ಹೇಗೆ ಅಂತ ತಿಳಿಸುವ ಹೆಲ್ಪ್ ಲೇಖನ ಬರೆದು ಬದುಕುತ್ತೇನೆ ಅಂದಾಗ. ಮೊದಲ ಎರಡು ವರ್ಷ ಅವರ ಮಾತೇ ನಿಜ ಅನ್ನಿಸಿತು.

ಆಗ ಪದಕ್ಕೆ ಒಂದು ರೂಪಾಯಿ ಲೆಕ್ಕದಲ್ಲಿ ಬರೆಯುತ್ತಿದ್ದೆ. ಒಂದು ಕಂಪನಿಗೆ ಅರವತ್ತು ಪುಟದ ಯೂಸರ್ ಗೈಡ್ ಮಾಡಿಕೊಟ್ಟೆ. ಮುಗಿಯುವ ಹೊತ್ತಿಗೆ ಅವರು ಸ್ಕ್ರೀನೇ ಬದಲಿಸಿದರು. ನೂರರ ಹತ್ತಿರ ಸ್ಕ್ರೀನ್‌ಶಾಟ್ ಮತ್ತೆ ತೆಗೆದೆ, ಪುಕ್ಕಟೆ. ಪದಕ್ಕೆ ದರ ಇಟ್ಟರೆ ಚಿತ್ರಕ್ಕೆ ದುಡ್ಡು ಯಾರು ಕೊಡುತ್ತಾರೆ? ಕೊನೆಗೆ ಅರ್ಧ ಹಣವೂ ಬರಲಿಲ್ಲ.

ಆಮೇಲೆ ಕೆಲಸ ಕೇಳುವಾಗ ಬರವಣಿಗೆಯ ಸ್ಯಾಂಪಲ್ ಕಳಿಸುವುದನ್ನೇ ಬಿಟ್ಟೆ. ಜಿಎಸ್‌ಟಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಕಂಪನಿಯೊಂದಕ್ಕೆ ಎರಡೇ ಕೇಳಿದೆ: ಮೂರು ತಿಂಗಳ ಸಪೋರ್ಟ್ ಟಿಕೆಟ್, ಅಂದರೆ ಗಿರಾಕಿಗಳು ಕಳಿಸಿದ ದೂರುಗಳು, ಮತ್ತು ಹೆಲ್ಪ್‌ನಲ್ಲಿ ಜನ ಹುಡುಕಿ ಏನೂ ಸಿಗದ ಪದಗಳ ಪಟ್ಟಿ.

ಅದರಲ್ಲಿ ಒಂದು ದೂರು ಪದೇ ಪದೇ ಬಂದಿತ್ತು: "ಕ್ಯಾನ್ಸಲ್ ಬಟನ್ ಕಾಣ್ತಿಲ್ಲ." ಇ-ಇನ್‌ವಾಯ್ಸ್, ಅಂದರೆ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸಿದ ಬಿಲ್ಲನ್ನು, ಅಲ್ಲಿ 24 ಗಂಟೆಯೊಳಗೆ ಮಾತ್ರ ರದ್ದು ಮಾಡಬಹುದು, ಅಲ್ವಾ? ಅದು ಮುಗಿದ ಮೇಲೆ ಆ ಸಾಫ್ಟ್‌ವೇರ್ ಬಟನ್ನನ್ನೇ ಮರೆಮಾಡುತ್ತಿತ್ತು. ಹಳೇ ಲೇಖನದಲ್ಲಿ "`Cancel` ಒತ್ತಿ" ಅಂತ ಮಾತ್ರ ಇತ್ತು. ಪಕ್ಕದಲ್ಲೇ, ಕೊಟ್ಟ ಬಿಲ್ಲಿನ ಮೊತ್ತವನ್ನು ಕಳೆಯುವ ಚೀಟಿಯ ಬಗ್ಗೆ, "ಕ್ರೆಡಿಟ್ ನೋಟ್" ಅಂತ ಬೇರೆ ಲೇಖನವಿತ್ತು, ಆದರೆ ಗಿರಾಕಿಗಳು ಹುಡುಕಿದ್ದು "ತಪ್ಪು ಬಿಲ್" ಅಂತ. ಹೇಗೆ ಸಿಗಬೇಕು?

ಎರಡು ಲೇಖನವನ್ನೂ ಕೂಡಿಸಿ, ಗಿರಾಕಿಗಳ ಮಾತನ್ನೇ ತಲೆಬರಹ ಮಾಡಿದೆ. ಮೊದಲ ಸಾಲು: "ಬಟನ್ ಕಾಣುತ್ತಿಲ್ಲವೇ? 24 ಗಂಟೆ ದಾಟಿದೆ. ಕ್ರೆಡಿಟ್ ನೋಟ್ ಮಾಡಿ." ಹಂತಗಳು ಆಮೇಲೆ. ದುರ್ಗದಬೈಲಿನ ಒಬ್ಬ ಹೋಲ್‌ಸೇಲ್ ಸೀರೆ ವ್ಯಾಪಾರಿಗೆ ತೋರಿಸಿದೆ. "ಇಷ್ಟೆಲ್ಲಾ ಯಾರ್ ಓದ್ತಾರ್ರೀ, ಎಲ್ಲಿ ಒತ್ತಬೇಕು ಹೇಳ್ರಿ" ಅಂದರು. ಅರ್ಧ ಕಡಿತ ಮಾಡಿದೆ. ಎರಡು ತಿಂಗಳಲ್ಲಿ ಆ ವಿಷಯದ ಟಿಕೆಟ್ ನಲವತ್ತರಿಂದ ಹತ್ತು-ಹನ್ನೆರಡಕ್ಕೆ ಇಳಿಯಿತು.

ನಡುವೆ ವಿಡಿಯೋ ಮಾಡಿ ನೋಡಿದೆ, ಸುಮ್ನೆ. ಒಂದು ಬಟನ್ ಜಾಗ ಬದಲಾದರೆ ಪೂರ್ತಿ ಮತ್ತೆ ರೆಕಾರ್ಡ್ ಮಾಡಬೇಕು. ಕೈಬಿಟ್ಟೆ. ಸ್ಕ್ರೀನ್‌ಶಾಟನ್ನೂ ಈಗ ಬಟನ್ ಸುತ್ತ ಮಾತ್ರ ಕತ್ತರಿಸಿ ಹಾಕುತ್ತೇನೆ, ಮೆನು ಬದಲಾದರೂ ಚಿತ್ರ ಹಳತಾಗುವುದಿಲ್ಲ.

ಟಿಕೆಟ್ ಲೆಕ್ಕ ಮುಂದಿಟ್ಟು ತಿಂಗಳಿಗೆ ಹದಿನೆಂಟು ಸಾವಿರ ಕೇಳಿದೆ. ಪ್ರತಿ ರಿಲೀಸ್‌ಗೆ ಐದು ದಿನ ಮೊದಲು ಟೆಸ್ಟ್ ಲಾಗಿನ್ ಕೊಡಬೇಕು, ಆರು ಲೇಖನ ತಿದ್ದುತ್ತೇನೆ, ಏಳನೆಯದಕ್ಕೆ ಬೇರೆ ದುಡ್ಡು. ಒಪ್ಪಿದರು. ಈಗ ಇಂಥ ಒಪ್ಪಂದ ಮೂರು ಇವೆ. ಕಂಪನಿಯಲ್ಲಿ ಯಾರಿಗೆ ಮೊದಲು ಮೇಲ್ ಹಾಕುತ್ತೇನೆ ಅನ್ನುವುದನ್ನು ಮಾತ್ರ ಹೇಳಲ್ಲ. ಆ ಮೊದಲ ಮೇಲ್ ಮಾಲೀಕರಿಗಂತೂ ಅಲ್ಲ.