ಅಡಿಕೆ ಕೊಯ್ಲಿನ ವಿಡಿಯೊ: ಹಾಡು, ಸಂಗೀತ, ಡ್ರೋನ್ ಶಾಟಿನ ಹಕ್ಕು ನೋಡಿದ ಬಗೆ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಗುಂಪೊಂದಕ್ಕೆ ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ಯುವ ಕೆಲಸದ ಮೇಲೆ ವಿಡಿಯೊ ಮಾಡಿಕೊಟ್ಟೆ. ಶೂಟಿಂಗ್ ಎಲ್ಲ ನಮ್ಮದೇ. ಹೊರಗಿನಿಂದ ಬೇಕಾಗಿದ್ದು ಮೂರು: ಒಂದು ಹಾಡು, ಹಿನ್ನೆಲೆ ಸಂಗೀತ, ತೋಟಗಳ ಮೇಲಿಂದ ತೆಗೆದ ಒಂದು ಡ್ರೋನ್ ಶಾಟ್. ಎಡಿಟಿಂಗ್‌ಗಿಂತ ಜಾಸ್ತಿ ಹೊತ್ತು ಹಿಡಿದಿದ್ದು ಈ ಮೂರರ ಹಕ್ಕು ನೋಡಲು.

ಗುಂಪಿನ ಕಾರ್ಯದರ್ಶಿಗೆ ಕುವೆಂಪು ಕವಿತೆಯ ಹಾಡೊಂದನ್ನು ಹಾಕಬೇಕೆಂಬ ಆಸೆ. "ನಮ್ಮ ತಾಲ್ಲೂಕಿನ ಕವಿ ಅಲ್ವಾ, ಯಾರು ಕೇಳ್ತಾರೆ? ಹತ್ತು ಸೆಕೆಂಡ್ ಹಾಕಿದ್ರೆ ಸಾಕು" ಎಂದರು. ಹತ್ತು ಸೆಕೆಂಡಿಗೆ ವಿನಾಯಿತಿ ಅನ್ನುವ ನಿಯಮ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಬರಹಗಾರರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ. ಅಂದರೆ 2054 ಮುಗಿಯುವವರೆಗೆ ಅವರ ಸಾಲುಗಳಿಗೆ ಅನುಮತಿ ಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ರಾಗ ಹಾಕಿದವರ ಹಕ್ಕು ಬೇರೆ, ಆ ಧ್ವನಿಮುದ್ರಣದ ಹಕ್ಕು ಇನ್ನೂ ಬೇರೆ. ಧ್ವನಿಮುದ್ರಣದ ಹಕ್ಕು ಅದು ಹೊರಬಂದ ಮೇಲೆ 60 ವರ್ಷ ಇರುತ್ತದೆ. ಹಾಗಾಗಿ ದಾಸರ ಪದ ಎಷ್ಟೇ ಹಳೆಯದಿರಲಿ, ಹೊಸ ಗಾಯಕರ ಆಲ್ಬಮ್‌ನಿಂದ ಸುಮ್ನೆ ಎತ್ತಿಕೊಳ್ಳುವ ಹಾಗಿಲ್ಲ.

ಈ ಎಲ್ಲರನ್ನೂ ಹುಡುಕಿ ಒಪ್ಪಿಸುವಷ್ಟು ಸಮಯ ಇರಲಿಲ್ಲ. ಅದೇ ಊರಿನ ಅಕ್ಕ ಒಬ್ಬರು ಅಜ್ಜಿಯಿಂದ ಕಲಿತ ಸೋಬಾನೆ ಪದ ಹಾಡುತ್ತಿದ್ದರು. ಕಟ್ಟಿದವರು ಯಾರೆಂದೇ ಗೊತ್ತಿಲ್ಲದ, ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಪದ, ಧಾಟಿಯೂ ಹಳೆಯದೇ. ನಾವೇ ರೆಕಾರ್ಡ್ ಮಾಡಿಕೊಂಡೆವು. ಆದರೂ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಹಕ್ಕಿರುತ್ತದೆ. ಅದಕ್ಕೆ ಒಂದು ಪುಟದ ಒಪ್ಪಿಗೆ ಪತ್ರ ಬರೆದು, ಅವರಿಗೆ ಓದಿ ಹೇಳಿ, ಸಹಿ ಹಾಕಿಸಿಕೊಂಡೆ.

ಆ ಪತ್ರದಲ್ಲಿ ಎರಡು ಸಾಲು ಮುಖ್ಯ. ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ ಅಂತ. ಅವಧಿ ಬರೆಯದಿದ್ದರೆ ಕಾನೂನು ಅದನ್ನು ಐದೇ ವರ್ಷ ಅಂತ ಎಣಿಸುತ್ತದೆ. ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಯೂಟ್ಯೂಬ್ ವಿಡಿಯೊವನ್ನು ದುಬೈನಲ್ಲಿ ಕೂತವರೂ ನೋಡುತ್ತಾರೆ, ಹತ್ತು ವರ್ಷ ಬಿಟ್ಟೂ ನೋಡುತ್ತಾರೆ. ಹಾಗಾಗಿ "ಈ ವಿಡಿಯೊದಲ್ಲಿ ಮತ್ತು ಇದರ ತುಣುಕುಗಳಲ್ಲಿ, ಎಲ್ಲ ಆನ್‌ಲೈನ್ ವೇದಿಕೆಗಳಲ್ಲಿ, ಜಗತ್ತಿನಾದ್ಯಂತ, ಹಕ್ಕಿನ ಪೂರ್ತಿ ಅವಧಿಗೆ" ಎಂದು ಬರೆದೆ. ಕೊಟ್ಟ ಸಂಭಾವನೆಯನ್ನೂ ಅದರಲ್ಲೇ ನಮೂದಿಸಿದೆ.

ಹಿನ್ನೆಲೆಗೆ ಒಂದು ಕೊಳಲಿನ ತುಣುಕು ಬಹಳ ಹಿಡಿಸಿತ್ತು. ಉಚಿತ ಅಂತಲೇ ಇತ್ತು. ಆದರೆ ಪುಟದ ಕೆಳಗೆ ಸಣ್ಣದಾಗಿ CC BY-ND ಎಂಬ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನ ಹೆಸರಿತ್ತು. ಆ ND ಎಂದರೆ ಕೃತಿಯನ್ನು ಬದಲಿಸಿ ಹಂಚುವಂತಿಲ್ಲ. ಸಂಗೀತವನ್ನು ಚಿತ್ರಕ್ಕೆ ಹೊಂದಿಸಿದರೆ ಅದೂ ಬದಲಾವಣೆಯೇ ಎಂದು ಕ್ರಿಯೇಟಿವ್ ಕಾಮನ್ಸ್‌ನವರೇ ಹೇಳುತ್ತಾರೆ. ತುಣುಕನ್ನು ಒಂದಿಷ್ಟೂ ಕತ್ತರಿಸದಿದ್ದರೂ ಅಷ್ಟೇ. NC, ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ ಎಂದು ಇದ್ದದ್ದನ್ನೂ ಬಿಟ್ಟೆ, ಗುಂಪಿನವರು ಈ ವಿಡಿಯೊ ತೋರಿಸಿಯೇ ಅಡಿಕೆ ಮಾರುವವರು. ಕೊನೆಗೆ ಸಿಕ್ಕಿದ್ದು ಬರೀ CC BY ಇರುವ ಒಂದು ತಂಬೂರಿ ನಾದ. ಹೆಸರು, ಲಿಂಕ್, ಲೈಸೆನ್ಸ್ ಮೂರನ್ನೂ, ಬದಲಾವಣೆ ಮಾಡಿದ್ದರೆ ಅದನ್ನೂ ವಿವರಣೆಯಲ್ಲಿ ಹಾಕಬೇಕು. ಆ ಪುಟವನ್ನು ತಾರೀಖು ಕಾಣುವಂತೆ ಪಿಡಿಎಫ್ ಮಾಡಿ ಇಟ್ಟುಕೊಂಡೆ. ನಾಳೆ ಪುಟ ಬದಲಾದರೂ ಪುರಾವೆ ಇರಬೇಕಲ್ಲ.

ಡ್ರೋನ್ ಶಾಟ್ ಒಂದು ಯೂಟ್ಯೂಬ್ ಚಾನೆಲ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಗುರುತಿನೊಂದಿಗೆ ಇತ್ತು. ಆ ಗುರುತು ಹಾಕಿದವರೇ ತೆಗೆದವರು ಅನ್ನುವ ಖಾತ್ರಿ ಏನು? ಚಾನೆಲ್ ನೋಡಿದೆ. ಒಂದೊಂದು ವಿಡಿಯೊ ಒಂದೊಂದು ಥರ, ಕೆಲವದರ ಮೂಲೆಯಲ್ಲಿ ಏನೋ ಅಳಿಸಿದ ಮಸುಕು. ಒಂದು ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದೆ. ಅದೇ ಶಾಟ್, ಇನ್ನೂ ಉದ್ದ, ಇನ್ನೂ ಹಳೆಯ ತಾರೀಖಿನದು ಬೇರೆ ಹುಡುಗನೊಬ್ಬನ ಪುಟದಲ್ಲಿ ಸಿಕ್ಕಿತು. ಅವನಿಗೇ ಬರೆದೆ. "ಯೂಟ್ಯೂಬಿನ ಈ ಒಂದು ವಿಡಿಯೊಗೆ ಹಾಕ್ಕೊಳ್ಳಿ ಸರ್, ಹೆಸರು ಹಾಕಿ" ಎಂದು ಮೇಲ್ ಮಾಡಿ, ಒರಿಜಿನಲ್ ಫೈಲನ್ನೇ ಕಳಿಸಿದ.

ಎಲ್ಲ ಆದ ಮೇಲೆ ಮೊದಲು ಪ್ರೈವೇಟ್ ಆಗಿ ಅಪ್‌ಲೋಡ್ ಮಾಡಿದೆ. ಬೇರೆಯವರ ಹಕ್ಕಿನದು ಏನಾದರೂ ಇದೆಯೇ ಎಂದು ಯೂಟ್ಯೂಬ್ ನೋಡುವ Checks ಹಂತದಲ್ಲಿ ಏನೂ ಸಿಗಲಿಲ್ಲ. ಇದನ್ನೇ ಅನುಮತಿ ಅಂದುಕೊಳ್ಳಬಾರದು. ಹಕ್ಕುದಾರರು ಯೂಟ್ಯೂಬಿಗೆ ಕೊಟ್ಟಿರುವ ಫೈಲುಗಳ ಜೊತೆ ಮಾತ್ರ ಅದು ಹೋಲಿಸಿ ನೋಡುತ್ತದೆ. ಆ ಹುಡುಗನ ಡ್ರೋನ್ ಶಾಟನ್ನು ಕೇಳದೆ ಹಾಕಿದ್ದರೂ ಬಹುಶಃ ಅಲ್ಲಿ ಏನೂ ತೋರಿಸುತ್ತಿರಲಿಲ್ಲ. ಅವನು ಆಮೇಲೆ ದೂರು ಕೊಟ್ಟಿದ್ದರೆ ವಿಡಿಯೊ ಇಳಿಯುತ್ತಿತ್ತು, ಗುಂಪಿನ ಚಾನೆಲ್‌ಗೆ ಸ್ಟ್ರೈಕ್ ಬೀಳುತ್ತಿತ್ತು.

ಪಬ್ಲಿಷ್ ಆದ ವಾರ ಕಾರ್ಯದರ್ಶಿ ಇನ್‌ಸ್ಟಾಗ್ರಾಮಿಗೆ ಅರ್ಧ ನಿಮಿಷದ ರೀಲ್ ಕೇಳಿದರು. ಅಕ್ಕನ ಪತ್ರದಲ್ಲಿ ಎಲ್ಲ ವೇದಿಕೆ ಇತ್ತು, ತಂಬೂರಿಗೂ ಅಡ್ಡಿ ಇರಲಿಲ್ಲ. ಡ್ರೋನ್ ಹುಡುಗ ಒಪ್ಪಿದ್ದು ಯೂಟ್ಯೂಬಿನ ಒಂದು ವಿಡಿಯೊಗೆ ಮಾತ್ರ. ಅವನನ್ನು ಮತ್ತೆ ಕೇಳಿದೆ. ಉತ್ತರ ಬರುವವರೆಗೆ ಕಾಯದೆ, ಆ ಜಾಗಕ್ಕೆ ಕೊನೆಗಾರ ಮರದಿಂದ ಮರಕ್ಕೆ ದಾಟುವ ನಮ್ಮದೇ ಶಾಟ್ ಹಾಕಿ ಕಳಿಸಿದೆ.