ಇನ್ನೂರೈವತ್ತು ಪುಟದ ವರದಿಯನ್ನು ಎರಡು ಪುಟಕ್ಕೆ ಇಳಿಸುವುದು ಹೇಗೆ?

1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯ ಹೆಸರು ಕಾಸರಗೋಡಿನ ಕನ್ನಡಿಗರಿಗೆಲ್ಲ ಗೊತ್ತು. ಪಿಎಸ್‌ಸಿ ಪರೀಕ್ಷೆಗೆ ಕೂತವರು, ಶಾಲೆಯಲ್ಲಿ ಭಾಷಣ ಮಾಡುವ ಮಕ್ಕಳು, ಗಡಿ ವಿಚಾರದ ಸಭೆಗೆ ಟಿಪ್ಪಣಿ ಮಾಡುವ ಹಿರಿಯರು ಎಲ್ಲರೂ ಅದರ ಸಾರಾಂಶ ಹುಡುಕುತ್ತಾರೆ. ಆದರೆ ಕೈಯಿಂದ ಕೈಗೆ ಹೋಗುವ ಸಾರಾಂಶಗಳನ್ನು ಓದಿದರೆ ಒಂದೇ ಸಂಗತಿ ಮೂರು ಕಡೆ ಬಂದಿರುತ್ತದೆ, ಆಯೋಗ ಹೇಳದೇ ಇದ್ದದ್ದು ಆಯೋಗದ ಹೆಸರಿನಲ್ಲಿ ಕೂತಿರುತ್ತದೆ. ಬರೆದವರು ಸೋಮಾರಿಗಳಲ್ಲ. ವರದಿಯನ್ನು ಭಾಗ ಮಾಡಿ ಓದಿದ್ದಾರೆ, ಪ್ರತಿ ಭಾಗಕ್ಕೂ ಸಾರಾಂಶ ಬರೆದಿದ್ದಾರೆ, ಕೊನೆಗೆ ಅವುಗಳನ್ನು ಒಂದರ ಕೆಳಗೆ ಒಂದು ಅಂಟಿಸಿದ್ದಾರೆ. ಕೆಲಸ ಕೆಟ್ಟದ್ದು ಆ ಅಂಟಿಸುವಲ್ಲಿ. ಹಾಗಾಗಿ ಈ ಲೇಖನದಲ್ಲಿ ಮೊದಲ ಹಂತಗಳನ್ನು ಬೇಗ ಮುಗಿಸಿ, ಜೋಡಣೆಯ ಹತ್ತಿರ ನಿಲ್ಲುತ್ತೇನೆ. ಉದಾಹರಣೆಗೆ ಅದೇ ವರದಿ ಇರಲಿ.

1. ಪ್ರಶ್ನೆ ಗೊತ್ತುಮಾಡಿ

ಹಾಳೆಯ ತಲೆಯಲ್ಲಿ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ನಮ್ಮ ಉದಾಹರಣೆಗೆ: "ದಕ್ಷಿಣದ ಗಡಿಗಳ ಬಗ್ಗೆ, ಗಡಿಯಲ್ಲಿ ಉಳಿಯುವ ಭಾಷಾ ಅಲ್ಪಸಂಖ್ಯಾತರ ಬಗ್ಗೆ ಆಯೋಗ ಏನು ಹೇಳಿತು?" ಉದ್ದ ಎರಡು ಪುಟ.

2. ತುಂಡು ಮಾಡಿ, ಆದರೆ ಪುಟ ಎಣಿಸಿ ಅಲ್ಲ

ಇಪ್ಪತ್ತೈದು ಪುಟಕ್ಕೊಂದು ಎಂದು ಹಂಚಿಕೊಂಡು ನಾಲ್ಕೈದು ಜನ ಓದುವುದು ಎಲ್ಲ ಕಡೆ ಇರುವ ಅಭ್ಯಾಸ. ಇಂಥ ವರದಿಗೆ ಅದು ಸಲ್ಲದು. ಆಯೋಗದ ವರದಿಗಳ ಬರವಣಿಗೆಗೆ ಒಂದು ಕ್ರಮವಿದೆ: ಮೊದಲು ಮನವಿ ಕೊಟ್ಟವರ ವಾದ, ಆಮೇಲೆ ಎದುರು ವಾದ, ಕೊನೆಯಲ್ಲಿ ಆಯೋಗದ ತೀರ್ಮಾನ. ನಿಮ್ಮ ತುಂಡು ವಾದದ ನಡುವೆ ಮುಗಿದರೆ, ತೀರ್ಮಾನ ಮುಂದಿನವರ ಪಾಲಿಗೆ ಹೋಗುತ್ತದೆ. ಆಗ ನೀವು "ಆಯೋಗವು ಹೀಗೆ ಹೇಳಿದೆ" ಎಂದು ಬರೆಯುವುದು ಯಾರೋ ಮನವಿದಾರರ ಮಾತನ್ನು.

ಆದ್ದರಿಂದ ಅಧ್ಯಾಯದ ಕೊನೆಗೇ ಕತ್ತರಿಸಿ. ಅಧ್ಯಾಯ ಉದ್ದವಾಗಿದ್ದರೆ ತೀರ್ಮಾನ ಬರುವ ಪ್ಯಾರಾ ಮುಗಿದ ಮೇಲೆ ಕತ್ತರಿಸಿ. ಈ ವರದಿಯಲ್ಲಿ ಪ್ಯಾರಾಗಳಿಗೆ ಸಂಖ್ಯೆ ಇರುವುದರಿಂದ ಇದು ಸುಲಭ. ಒಂದು ತುಂಡು ಒಂದೇ ಬಾರಿಗೆ ಕೂತು ಓದುವಷ್ಟಿರಲಿ, ಹತ್ತು ಪುಟ ದಾಟುವುದು ಬೇಡ. ಹೊಸ ತುಂಡಿಗೆ ಹೋಗುವ ಮುನ್ನ ಹಿಂದಿನ ತುಂಡಿನ ಕೊನೆಯ ಎರಡು ಪ್ಯಾರಾ ಮತ್ತೊಮ್ಮೆ ಓದಿ. "ಮೇಲೆ ಹೇಳಿದ ಪ್ರದೇಶ" ಎಂದರೆ ಯಾವುದು ಎಂಬ ಗೊಂದಲ ಅಲ್ಲಿಗೇ ತೀರುತ್ತದೆ.

ಅಂತರ್ಜಾಲದಲ್ಲಿ ಸಿಗುವ ಹಳೆಯ ವರದಿಗಳು ಹೆಚ್ಚಾಗಿ ಸ್ಕ್ಯಾನ್ ಪ್ರತಿಗಳು. ಅದರಿಂದ ಅಕ್ಷರ ಎತ್ತಿಕೊಡುವ ಉಚಿತ ಆ್ಯಪ್‌ಗಳನ್ನು ಅಂಕಿಗಳ ವಿಷಯದಲ್ಲಿ ನಂಬಬೇಡಿ. 3 ಹೋಗಿ 8 ಆಗುತ್ತದೆ, ಶೇಕಡಾ ಚಿಹ್ನೆ ಮಾಯವಾಗುತ್ತದೆ. ಅಂಕಿಯನ್ನು ಪುಟದ ಚಿತ್ರ ನೋಡಿಯೇ ಬರೆದುಕೊಳ್ಳಿ. ಪರೀಕ್ಷೆಯ ಸಮಯದಲ್ಲಿ ಅಂಗಡಿಗೆ ಬರುವ ಗೈಡುಗಳನ್ನಂತೂ ಮುಟ್ಟಬೇಡಿ. ಒಂದು ಗೈಡಿನ ತಪ್ಪು ಇನ್ನೊಂದಕ್ಕೆ ಹಾಗೆಯೇ ಇಳಿದಿರುತ್ತದೆ.

3. ಪ್ರತಿ ತುಂಡಿಗೂ ಚೀಟಿಗಳು

ತುಂಡಿನ ಸಾರಾಂಶವನ್ನು ಪ್ಯಾರಾ ರೂಪದಲ್ಲಿ ಬರೆಯಲೇಬೇಡಿ. ಹೆಣೆದ ಪ್ಯಾರಾವನ್ನು ಆಮೇಲೆ ಬಿಡಿಸುವುದು ಕಷ್ಟ. ಒಂದು ಸಂಗತಿಗೆ ಒಂದು ಚೀಟಿ ಬರೆಯಿರಿ. ಅರ್ಧ ಹಾಳೆಯನ್ನು ಮತ್ತೆ ಅರ್ಧ ಮಾಡಿದರೆ ಸಾಕು, ಒಂದು ಬದಿಯಲ್ಲಿ ಮಾತ್ರ ಬರೆಯಿರಿ. ಪ್ರತಿ ಚೀಟಿಯಲ್ಲಿ ನಾಲ್ಕು ವಿಷಯ ಇರಬೇಕು: ಪ್ಯಾರಾ ಸಂಖ್ಯೆ, ಹೇಳಿದವರು ಯಾರು, ಏನು ಹೇಳಿದರು, ಮಾತಿನ ಬಗೆ ಯಾವುದು. ಬಗೆ ಎಂದರೆ ವಾದವೋ, ವಿವರಣೆಯೋ, ಶಿಫಾರಸೋ ಎಂದು.

ಕೇರಳದ ಅಧ್ಯಾಯದಿಂದ ಒಂದು ಚೀಟಿ ಹೀಗಿರುತ್ತದೆ: "ಆಯೋಗ. ಕಾಸರಗೋಡು ತಾಲೂಕು ಕೇರಳಕ್ಕೆ ಸೇರಬೇಕು. ಶಿಫಾರಸು." ಕರ್ನಾಟಕದ ಅಧ್ಯಾಯದಿಂದ ಇನ್ನೊಂದು: "ಆಯೋಗ. ಕಾಸರಗೋಡು ತಾಲೂಕು ಬಿಟ್ಟು ದಕ್ಷಿಣ ಕನ್ನಡ ಜಿಲ್ಲೆ ಕರ್ನಾಟಕಕ್ಕೆ. ಶಿಫಾರಸು." ಮೂಲೆಯಲ್ಲಿ ಪ್ಯಾರಾ ಸಂಖ್ಯೆ. "ಸುಮಾರು", "ಸಾಧ್ಯವಾದಲ್ಲಿ" ಇಂಥ ಪದಗಳು ಮೂಲದಲ್ಲಿದ್ದರೆ ಚೀಟಿಗೂ ಬರಬೇಕು. ಮೊದಲು ಉದುರುವುದು ಅವೇ, ಉದುರಿದರೆ ಸಲಹೆ ಆಜ್ಞೆಯಾಗುತ್ತದೆ.

4. ಜೋಡಣೆ

ಎಲ್ಲ ಚೀಟಿಗಳನ್ನೂ ಚಾಪೆಯ ಮೇಲೆ ಹರಡಿ. ಅಧ್ಯಾಯದ ಕ್ರಮವನ್ನು ಇಲ್ಲಿಗೆ ಮರೆತುಬಿಡಿ. ಕಾಸರಗೋಡಿನ ಚೀಟಿಗಳೆಲ್ಲ ಒಂದು ಕಡೆ, ಬಳ್ಳಾರಿಯವು ಒಂದು ಕಡೆ, ತಿರುವಾಂಕೂರಿನ ತಮಿಳು ತಾಲೂಕುಗಳವು ಒಂದು ಕಡೆ, ಅಲ್ಪಸಂಖ್ಯಾತರ ರಕ್ಷಣೆಯವು ಒಂದು ಕಡೆ ಬರಲಿ. ಪುನರಾವರ್ತನೆ ಹುಟ್ಟುವುದೇ ಅಧ್ಯಾಯದ ಕ್ರಮದಲ್ಲಿ ಬರೆಯುವುದರಿಂದ. ವರದಿಗೆ ಕಾಸರಗೋಡಿನ ಮಾತನ್ನು ಕೇರಳದಲ್ಲೂ ಕರ್ನಾಟಕದಲ್ಲೂ ಹೇಳುವ ಅಗತ್ಯವಿತ್ತು. ನಿಮ್ಮ ಎರಡು ಪುಟಕ್ಕೆ ಆ ಅಗತ್ಯವಿಲ್ಲ.

ಈಗ ಒಂದೊಂದು ರಾಶಿಯಲ್ಲೂ ಎರಡೆರಡು ಚೀಟಿ ಹಿಡಿದು ಹೋಲಿಸಿ. ಮೇಲೆ ಕೊಟ್ಟ ಎರಡು ಚೀಟಿಗಳು ಒಂದೇ ತೀರ್ಮಾನದ ಎರಡು ಮುಖ. ಅವು ಒಂದೇ ವಾಕ್ಯವಾಗಬೇಕು: "ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕನ್ನು ಬೇರ್ಪಡಿಸಿ ಕೇರಳಕ್ಕೆ, ಉಳಿದ ಜಿಲ್ಲೆಯನ್ನು ಕರ್ನಾಟಕಕ್ಕೆ ಸೇರಿಸಲು ಆಯೋಗ ಶಿಫಾರಸು ಮಾಡಿತು." ಎರಡೂ ಪ್ಯಾರಾ ಸಂಖ್ಯೆಗಳನ್ನು ಅದರ ಪಕ್ಕ ಬರೆದು, ಚೀಟಿಗಳನ್ನು ಒಟ್ಟಿಗೆ ಪಿನ್ ಮಾಡಿ. ಬಿಸಾಡಬೇಡಿ.

ಕಷ್ಟ ಇರುವುದು ಒಂದೇ ಥರ ಕಂಡರೂ ಒಂದೇ ಅಲ್ಲದ ಚೀಟಿಗಳಲ್ಲಿ. ಒಂದು ಚೀಟಿಯಲ್ಲಿ "ಮೈಸೂರು", ಇನ್ನೊಂದರಲ್ಲಿ "ಕರ್ನಾಟಕ" ಎಂದಿದೆ. ಎರಡೂ ಒಂದೇ ರಾಜ್ಯವಲ್ಲವೇ ಎಂದು ಎಲ್ಲ ಕಡೆ "ಕರ್ನಾಟಕ" ಮಾಡಿದರೆ ಅರ್ಥ ಕೆಡುತ್ತದೆ. ಈ ವರದಿಯಲ್ಲಿ ಮೈಸೂರು ಎಂದರೆ 1955ರಲ್ಲಿ ಇದ್ದ ರಾಜ್ಯ, ಕರ್ನಾಟಕ ಎಂದರೆ ಆಯೋಗ ಸೂಚಿಸಿದ, ಇನ್ನೂ ಹುಟ್ಟದ ರಾಜ್ಯ. 1956ರ ನವೆಂಬರ್ 1ರಂದು ಹುಟ್ಟಿದ ರಾಜ್ಯಕ್ಕೂ ಮೈಸೂರು ಎಂಬ ಹೆಸರೇ ಉಳಿದು, 1973ರಲ್ಲಿ ಅದು ಕರ್ನಾಟಕವಾಯಿತು. ಹೆಸರುಗಳನ್ನು ಒಂದು ಮಾಡುವ ಮೊದಲು ಮೂಲದಲ್ಲಿ ಆ ಹೆಸರು ಯಾವುದನ್ನು ತೋರಿಸುತ್ತದೆ ಎಂದು ನೋಡಲೇಬೇಕು.

ಇನ್ನು ಒಂದಕ್ಕೊಂದು ಹೊಡೆದಾಡುವ ಚೀಟಿಗಳು. ನಮ್ಮ ಪ್ರಶ್ನೆಗೆ ಹೊರಗಿನದ್ದಾದರೂ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ವರದಿಯಲ್ಲಿ ಇಲ್ಲ: "ಹಿಮಾಚಲ ಪ್ರದೇಶ ಪಂಜಾಬಿಗೆ ಸೇರಬೇಕು" ಎಂದು ಒಂದು ಚೀಟಿ, "ಹಿಮಾಚಲ ಪ್ರದೇಶ ಪ್ರತ್ಯೇಕವಾಗಿಯೇ ಇರಬೇಕು" ಎಂದು ಇನ್ನೊಂದು. ಇಂಥಲ್ಲಿ ಹಲವರು ಎರಡನ್ನೂ ಬೆರೆಸಿ "ಹಿಮಾಚಲದ ಬಗ್ಗೆ ಆಯೋಗಕ್ಕೆ ಗೊಂದಲವಿತ್ತು" ಎಂದು ಬರೆದುಬಿಡುತ್ತಾರೆ. "ಯಾರು" ಎಂಬ ಜಾಗ ನೋಡಿದರೆ ಉತ್ತರ ಅಲ್ಲೇ ಇದೆ. ಮೊದಲನೆಯದು ಆಯೋಗದ ಶಿಫಾರಸು. ಎರಡನೆಯದು ಅಧ್ಯಕ್ಷ ಫಜಲ್ ಅಲಿ ಅವರು ವರದಿಯ ಕೊನೆಯಲ್ಲಿ ಪ್ರತ್ಯೇಕವಾಗಿ ಸೇರಿಸಿದ ಟಿಪ್ಪಣಿ. ಸದಸ್ಯ ಕೆ.ಎಂ. ಪಣಿಕ್ಕರ್ ಅವರೂ ಉತ್ತರ ಪ್ರದೇಶದ ಬಗ್ಗೆ ಹೀಗೆಯೇ ಬೇರೆ ಟಿಪ್ಪಣಿ ಬರೆದಿದ್ದಾರೆ. ಚೀಟಿಗಳು ಜಗಳವಾಡಿದರೆ ನಡುವಿನ ದಾರಿ ಹುಡುಕಬೇಡಿ, ಪ್ಯಾರಾ ಸಂಖ್ಯೆ ಹಿಡಿದು ಮೂಲಕ್ಕೆ ಹೋಗಿ.

ದೂರದೂರದ ಚೀಟಿಗಳನ್ನು ಹತ್ತಿರ ತರುವುದೂ ಜೋಡಣೆಯದೇ ಕೆಲಸ. ಕಾಸರಗೋಡಿನ ಗಡಿ ವಿಚಾರ ಬರುವುದು ಮೂರನೆಯ ಭಾಗದಲ್ಲಿ. ಗಡಿಯಾಚೆ ಉಳಿಯುವ ಜನರ ಭಾಷೆಯ ರಕ್ಷಣೆ ಬರುವುದು ನಾಲ್ಕನೆಯ ಭಾಗದಲ್ಲಿ. ಜನಸಂಖ್ಯೆಯ ಸುಮಾರು ಶೇ 70 ಅಥವಾ ಹೆಚ್ಚು ಮಂದಿ ಒಂದೇ ಭಾಷೆಯವರಾಗಿದ್ದರೆ ಮಾತ್ರ ರಾಜ್ಯವನ್ನು ಏಕಭಾಷಾ ರಾಜ್ಯ ಎಂದು ಗಣಿಸಬೇಕು, ಶೇ 30ರಷ್ಟು ಅಥವಾ ಹೆಚ್ಚು ಅಲ್ಪಸಂಖ್ಯಾತರಿದ್ದರೆ ಆಡಳಿತಕ್ಕೆ ಅದನ್ನು ದ್ವಿಭಾಷಾ ರಾಜ್ಯ ಎಂದು ಗಣಿಸಬೇಕು ಎಂಬುದು ಆಯೋಗದ ಮಾತು. ಜಿಲ್ಲಾ ಮಟ್ಟದಲ್ಲಿ ಇದಕ್ಕೆ ಹೋಲುವ, ಆದರೆ ಬೇರೆಯದೇ ಆದ ಮಾತಿದೆ: ರಾಜ್ಯದಲ್ಲಿ ಅಲ್ಪಸಂಖ್ಯಾತರಾದವರು ಒಂದು ಜಿಲ್ಲೆಯಲ್ಲಿ ಶೇ 70 ಅಥವಾ ಹೆಚ್ಚಿದ್ದರೆ ಆ ಜಿಲ್ಲೆಯ ಅಧಿಕೃತ ಭಾಷೆ ಅವರದ್ದಾಗಬೇಕು. ಎರಡರಲ್ಲೂ 70 ಎಂಬ ಅಂಕಿ ಇರುವುದರಿಂದ ಒಂದು ಪುನರಾವರ್ತನೆ ಎಂದು ತಿಳಿದು ಚೀಟಿ ಕಿತ್ತುಹಾಕುವವರಿದ್ದಾರೆ. ಆ ಎರಡು ವಾಕ್ಯಗಳೂ ಉಳಿಯಬೇಕು. ಕಾಸರಗೋಡಿನ ವಾಕ್ಯದ ಕೂಡಲೇ ಕೆಳಗೆ ಬರಬೇಕು.

ಒಂದು ಬೇಡಿಕೆ ನಮ್ಮೂರಿನವರಲ್ಲೇ. ಮುಂದೇನಾಯಿತು ಎಂಬುದು ನಮಗೆ ಗೊತ್ತಿರುವುದರಿಂದ ಅದೂ ಸಾರಾಂಶದೊಳಗೆ ನುಸುಳುತ್ತದೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಎಂಬುದು ಮಹಾಜನ ಆಯೋಗ 1967ರಲ್ಲಿ ಕೊಟ್ಟ ಶಿಫಾರಸು. 1955ರ ವರದಿಯ ಸಾರಾಂಶದಲ್ಲಿ ಅದಕ್ಕೆ ಜಾಗವಿಲ್ಲ. ಬಳ್ಳಾರಿಯದ್ದೂ ಹೀಗೆಯೇ: ಆಯೋಗ ಬಳ್ಳಾರಿ ತಾಲೂಕನ್ನು ಆಂಧ್ರಕ್ಕೆ ಕೊಡಲು ಹೇಳಿತ್ತು, ಆದರೆ ಅದು ಮೈಸೂರಿನಲ್ಲೇ ಉಳಿಯಿತು. ಸಾರಾಂಶದಲ್ಲಿ ಆಯೋಗ ಹೇಳಿದ್ದು ಮಾತ್ರ ಇರಲಿ. ಹೇಳಲೇಬೇಕು ಅನಿಸಿದರೆ ಕೊನೆಯಲ್ಲಿ ಗೆರೆ ಎಳೆದು "ಆಮೇಲಿನ ಬೆಳವಣಿಗೆ" ಎಂದು ಬೇರೆಯಾಗಿ ಬರೆಯಿರಿ.

ಚೀಟಿಗಳು ನೂರು ದಾಟಿದರೆ ಮೊದಲು ಭಾಗವಾರು ಜೋಡಿಸಿ, ಆಮೇಲೆ ಒಟ್ಟು ಜೋಡಿಸಬಹುದು. ಆಗಲೂ ಭಾಗದ ಸಾರಾಂಶವನ್ನು ಓದಿ ಅದರ ಸಾರಾಂಶ ಬರೆಯಬೇಡಿ, ಚೀಟಿಗಳನ್ನೇ ಎದುರಿಗಿಟ್ಟುಕೊಳ್ಳಿ. ಸಾರಾಂಶದ ಸಾರಾಂಶ ಮಾಡಿದಷ್ಟೂ ಶರತ್ತುಗಳು ಕರಗುತ್ತವೆ.

5. ಬರೆದು, ಎರಡು ಕಡೆಯಿಂದ ತಾಳೆ ನೋಡಿ

ಬರೆಯುವುದು ಈಗ ಸಲೀಸು. ಪ್ರತಿ ರಾಶಿಗೆ ಒಂದು ಪ್ಯಾರಾ. ಪ್ಯಾರಾಗಳ ಉದ್ದ ಸಮ ಇರಬೇಕಿಲ್ಲ. ಕಾಸರಗೋಡಿಗೆ ಹತ್ತು ಸಾಲು, ತಮಿಳು ತಾಲೂಕುಗಳಿಗೆ ಎರಡು ಸಾಲು ಆದರೂ ಸರಿ. ಪ್ರಶ್ನೆ ನಿಮ್ಮದು.

ಬರೆದ ಮೇಲೆ ಪ್ರತಿ ವಾಕ್ಯದ ಪಕ್ಕ ಪ್ಯಾರಾ ಸಂಖ್ಯೆ ಇದೆಯೇ ನೋಡಿ. ಸಂಖ್ಯೆ ಹಾಕಲಾಗದ ವಾಕ್ಯ ನಿಮ್ಮದು, ಆಯೋಗದ್ದಲ್ಲ, ತೆಗೆದುಹಾಕಿ. ಆಮೇಲೆ ವರದಿಯ ಪರಿವಿಡಿ ಹಿಡಿದು, ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟ ಯಾವ ಅಧ್ಯಾಯದಿಂದ ಒಂದೂ ಚೀಟಿ ಬಂದಿಲ್ಲ ಎಂದು ಹುಡುಕಿ. ಕಡೆಗೆ, ಊರಿನ ಹೆಸರುಗಳ ಅಡಿಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಒಂದೇ ಊರಿನ ಹೆಸರು ಎರಡು ಬೇರೆ ಪ್ಯಾರಾಗಳಲ್ಲಿ ಸಿಕ್ಕರೆ ಅಲ್ಲಿ ಹೆಚ್ಚಾಗಿ ಒಂದು ಮಾತು ಎರಡು ಸಲ ಬಂದಿರುತ್ತದೆ. ಆ ಎರಡು ವಾಕ್ಯಗಳ ಚೀಟಿಗಳನ್ನು ಮತ್ತೆ ಅಕ್ಕಪಕ್ಕ ಇಟ್ಟು ನೋಡಿ, ಒಂದನ್ನು ತೆಗೆಯಿರಿ ಅಥವಾ ಎರಡಕ್ಕೂ ಇರುವ ವ್ಯತ್ಯಾಸವನ್ನು ವಾಕ್ಯದಲ್ಲೇ ಬಿಡಿಸಿ ಹೇಳಿ.