ಒಂದೇ ಮಾಡೆಲ್‌ನಲ್ಲಿ ಬರುತ್ತಿದ್ದ ಬಗ್ ಅನ್ನು ಎಲ್ಲ ಫೋನ್‌ಗಳಲ್ಲೂ ಬರಿಸಿದೆ: ನನ್ನ ಅನುಭವ

"ಆ ಫೋನೇ ಸರಿಯಿಲ್ಲ, ಬೆಂಬಲದ ಪಟ್ಟಿಯಿಂದ ತೆಗೆದುಬಿಡಿ" ಎಂದು ನಮ್ಮ ಡೆವಲಪರ್ ತಂಡ ಕೈಚೆಲ್ಲಿದ್ದ ದೂರು ಇದು. ನಾನು ಒಪ್ಪಲಿಲ್ಲ. ಕೊನೆಗೆ ಅದೇ ಬಗ್ ಅನ್ನು ತಂಡದ ಮುಖ್ಯಸ್ಥರ ದುಬಾರಿ ಫೋನ್‌ನಲ್ಲೇ ಬರಿಸಿ ತೋರಿಸಿದೆ.

ನಮ್ಮದು ಸಾಲದ ಅರ್ಜಿ ತುಂಬುವ ಆಂಡ್ರಾಯ್ಡ್ ಆ್ಯಪ್. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಿಬ್ಬಂದಿ ಮನೆಮನೆಗೆ ಹೋಗಿ ಅರ್ಜಿ ತುಂಬುತ್ತಾರೆ. ನಾಲ್ಕು ಪುಟ, ಕೊನೆಯ ಪುಟದಲ್ಲಿ ದಾಖಲೆಯ ಫೋಟೊ. ಫೋಟೊ ತೆಗೆದು ಮರಳಿದರೆ ಹಿಂದಿನ ಪುಟಗಳ ಹೆಸರು, ಊರು, ಮೊತ್ತ ಎಲ್ಲವೂ ಖಾಲಿ. 2 ಜಿಬಿ ರ‍್ಯಾಮ್, ಆಂಡ್ರಾಯ್ಡ್ 10 ಇದ್ದ ಒಂದೇ ಮಾಡೆಲ್‌ನಿಂದ ಈ ದೂರು ಬರುತ್ತಿತ್ತು.

ಇಂಥ ದೂರು ಬಂದಾಗ ನನ್ನ ಮೊದಲ ಪ್ರಶ್ನೆ ಫೋನಿನ ಬಗ್ಗೆ ಅಲ್ಲ, ಎಣಿಕೆಯ ಬಗ್ಗೆ: ಆ ಮಾಡೆಲ್ ಬಳಸುವವರು ಎಷ್ಟು ಮಂದಿ, ಬೇರೆಯವು ಎಷ್ಟು? ಗ್ರಾಹಕ ಸಂಸ್ಥೆ ಅದೇ ಮಾಡೆಲ್ ಅನ್ನು ಸಗಟಾಗಿ ಕೊಂಡು ಹಂಚಿತ್ತು. ಅರ್ಧಕ್ಕಿಂತ ಹೆಚ್ಚು ಸಿಬ್ಬಂದಿಯ ಕೈಯಲ್ಲಿ ಅದೇ ಇತ್ತು. ಉಳಿದವರು ಸ್ವಂತ ಫೋನ್ ಬಳಸುತ್ತಿದ್ದರು, ಅವು ಬಹುತೇಕ ಹೆಚ್ಚು ರ‍್ಯಾಮ್ ಇದ್ದವು. ಅಂದರೆ ದೂರು "ಈ ಮಾಡೆಲ್" ಎನ್ನುತ್ತಿದ್ದರೂ ನಿಜಕ್ಕೂ ಹೇಳುತ್ತಿದ್ದುದು "ಕಡಿಮೆ ರ‍್ಯಾಮ್" ಎಂದೂ ಇರಬಹುದಿತ್ತು, "ಈ ಕಂಪನಿಯ ಕ್ಯಾಮೆರಾ" ಎಂದೂ ಇರಬಹುದಿತ್ತು. ಮಾಡೆಲ್ ಎಂಬುದು ಕಾರಣವಲ್ಲ. ಹತ್ತಾರು ಗುಣಗಳ ಆ ಗಂಟಿನಲ್ಲಿ ಯಾವ ಗುಣ ತಪ್ಪಿತಸ್ಥ ಎಂದು ಬಿಡಿಸಬೇಕು.

ಸಿಬ್ಬಂದಿಗೆ ಕರೆ ಮಾಡಿದಾಗ ರ‍್ಯಾಮ್, ಬಿಲ್ಡ್ ಸಂಖ್ಯೆ ಕೇಳುವುದರಲ್ಲಿ ಅರ್ಥವಿಲ್ಲ. ಅವರ ಕಣ್ಣಿಗೆ ಬಿದ್ದದ್ದನ್ನು ಕೇಳಬೇಕು. ಮಾಲೂರಿನ ಒಬ್ಬರಿಗೆ, "ಮೇಡಂ, ಬೆಳಿಗ್ಗೆ ಮೊದಲನೇ ಅರ್ಜಿಗೂ ಹೀಗೇ ಆಗುತ್ತದೆಯೇ?" ಎಂದೆ. "ಇಲ್ಲ ಸರ್, ಬೆಳಿಗ್ಗೆ ಸರಿಯಾಗಿರುತ್ತದೆ. ಮಧ್ಯಾಹ್ನದ ಮೇಲೆ ಶುರುವಾಗುತ್ತದೆ" ಎಂದರು. "ಫೋಟೊ ಒತ್ತಿ ವಾಪಸ್ ಬರುವಾಗ ಪುಟ ತಕ್ಷಣ ಕಾಣುತ್ತದೆಯೇ?" "ಇಲ್ಲ ಸರ್, ಸ್ವಲ್ಪ ಹೊತ್ತು ಬೆಳ್ಳಗೆ ನಿಂತು ಆಮೇಲೆ ಬರುತ್ತದೆ." ಈ ಎರಡು ಉತ್ತರಗಳೇ ನನಗೆ ದಾರಿ ತೋರಿಸಿದವು. ಬಿಳಿ ಪರದೆ ಎಂದರೆ ಆ್ಯಪ್ ಮುಂದುವರಿಯುತ್ತಿಲ್ಲ, ಸತ್ತು ಮತ್ತೆ ಹುಟ್ಟುತ್ತಿದೆ ಎಂಬ ಅನುಮಾನ.

ಅನುಮಾನವನ್ನು ಯಾರೂ ನಂಬುವುದಿಲ್ಲ, ಸಾಕ್ಷಿ ಬೇಕು. ಅಲ್ಲಿಂದ ಹಣ ಖರ್ಚಾಗತೊಡಗಿತು. ಕಚೇರಿಯವರು ಮೊದಲು ದೂರದಿಂದ ಫೋನ್ ಬಾಡಿಗೆಗೆ ಕೊಡುವ ಸೇವೆಯೊಂದನ್ನು ಕೊಡಿಸಿದರು. ತಿಂಗಳಿಗೆ ಏಳೆಂಟು ಸಾವಿರ ರೂಪಾಯಿ ಇರಬೇಕು. ಮಾಡೆಲ್ ಅದೇ, ಬಿಲ್ಡ್ ಸಂಖ್ಯೆಯೂ ಅದೇ, ಆದರೆ ಬಗ್ ಒಮ್ಮೆಯೂ ಬರಲಿಲ್ಲ. ಬರುವುದಾದರೂ ಹೇಗೆ? ಅಲ್ಲಿನ ಫೋನ್ ಪ್ರತಿ ಬಾರಿಯೂ ಒರೆಸಿಟ್ಟ ಹಾಗೆ ಸ್ವಚ್ಛವಾಗಿರುತ್ತದೆ. ಸಿಬ್ಬಂದಿಯ ಫೋನ್‌ನಲ್ಲಿ ವಾಟ್ಸ್‌ಆ್ಯಪ್, ನಕ್ಷೆ, ಮಕ್ಕಳ ಆಟ, ಹಣ ಪಾವತಿಯ ಆ್ಯಪ್ ಎಲ್ಲವೂ ಇರುತ್ತವೆ. ಆ ಹಣ ದಂಡವಾಯಿತು ಎಂದೇ ಹೇಳುತ್ತೇನೆ.

ಎರಡನೆಯದು, ಡೆವಲಪರ್‌ಗಳು ನನ್ನ ಬಾಯಿ ಮುಚ್ಚಿಸಲು ಬಳಸಿದ ಪರೀಕ್ಷೆ. ಡೆವಲಪರ್ ಆಯ್ಕೆಗಳಲ್ಲಿ "Don't keep activities" ಆನ್ ಮಾಡಿ, "ನೋಡಿ, ಆ್ಯಕ್ಟಿವಿಟಿ ನಾಶವಾದರೂ ಮಾಹಿತಿ ಉಳಿಯುತ್ತದೆ" ಎಂದು ತೋರಿಸಿದರು. ಉಳಿದದ್ದು ನಿಜ. ಆದರೆ ಆ ಆಯ್ಕೆ ಆ್ಯಕ್ಟಿವಿಟಿಯನ್ನು, ಅಂದರೆ ಕಾಣುವ ಪುಟವನ್ನು ಮಾತ್ರ ಕೊಲ್ಲುತ್ತದೆ, ಆ್ಯಪ್ ಅನ್ನು ಓಡಿಸುವ ಪ್ರೊಸೆಸ್ ಬದುಕಿರುತ್ತದೆ. ನಮ್ಮವರು ಅರ್ಜಿಯ ಮಾಹಿತಿಯನ್ನೆಲ್ಲ ಒಂದು ಸಿಂಗಲ್‌ಟನ್‌ನಲ್ಲಿ, ಅಂದರೆ ಮೆಮೊರಿಯಲ್ಲಷ್ಟೇ ಇರುವ ಒಂದು ಆಬ್ಜೆಕ್ಟ್‌ನಲ್ಲಿ ಇಟ್ಟಿದ್ದರು. ಪ್ರೊಸೆಸ್ ಇರುವವರೆಗೆ ಅದೂ ಇರುತ್ತದೆ. ಈ ಪರೀಕ್ಷೆಯಲ್ಲಿ ಪಾಸಾಯಿತೆಂದು ಎಷ್ಟೋ ತಂಡಗಳು ನೆಮ್ಮದಿಯಾಗಿರುತ್ತವೆ. ಅದು ಸುಳ್ಳು ನೆಮ್ಮದಿ.

ಬೇಸತ್ತು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಅದೇ ಮಾಡೆಲ್‌ನ ಹಳೆಯ ಫೋನ್ ತಂದೆ. ಚೌಕಾಸಿ ಮಾಡಿ ಮೂರೂವರೆ ಸಾವಿರದ ಆಸುಪಾಸಿಗೆ ಬಂತು. ಮೊದಲು ನನ್ನ ಜೇಬಿನಿಂದಲೇ ಕೊಟ್ಟೆ. ಸಿಬ್ಬಂದಿ ಬಳಸುವ ಆ್ಯಪ್‌ಗಳನ್ನೆಲ್ಲ ಹಾಕಿ, ಅವರ ಮಧ್ಯಾಹ್ನದ ಸ್ಥಿತಿಗೆ ಫೋನನ್ನು ತಂದೆ. ಯಾವ ಆ್ಯಪ್ ಯಾವ ಕ್ರಮದಲ್ಲಿ ತೆರೆದರೆ ಬೇಗ ಆ ಸ್ಥಿತಿ ಬರುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಬಳಿಯೇ ಇರಲಿ. ನಂತರ ಕ್ಯಾಮೆರಾ ತೆರೆಯುವ ಮುಂಚೆ ಒಮ್ಮೆ, ಮರಳಿದ ಮೇಲೆ ಒಮ್ಮೆ ಇದನ್ನು ಓಡಿಸಿದೆ:

```
adb shell pidof com.example.app
```

ಇದು ಆ್ಯಪ್‌ನ ಪ್ರೊಸೆಸ್ ಸಂಖ್ಯೆಯನ್ನು ಹೇಳುತ್ತದೆ. ಎರಡು ಬಾರಿಯೂ ಒಂದೇ ಸಂಖ್ಯೆ ಬಂದರೆ ಆ್ಯಪ್ ಸತ್ತಿಲ್ಲ. ನನಗೆ ಬೇರೆ ಬೇರೆ ಸಂಖ್ಯೆ ಬಂತು. ಲಾಗ್‌ನಲ್ಲಿ, ಮೆಮೊರಿ ಸಾಲದಾಗ ಹಿನ್ನೆಲೆಯ ಆ್ಯಪ್‌ಗಳನ್ನು ಕೊಲ್ಲುವ lowmemorykiller ಹೆಸರಿನಡಿ ನಮ್ಮ ಆ್ಯಪ್‌ನ ಹೆಸರು ಹೊತ್ತ Kill ಸಾಲೂ ಸಿಕ್ಕಿತು, ಸರಿಯಾಗಿ ಕ್ಯಾಮೆರಾ ತೆರೆದ ಸಮಯಕ್ಕೆ. ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದಿದ್ದರೆ `adb shell dumpsys activity exit-info` ಕೊಟ್ಟು ಸಾವಿನ ಕಾರಣವನ್ನೇ ಓದಬಹುದು. ನನ್ನ ಫೋನ್‌ಗೆ ಆ ಭಾಗ್ಯವಿರಲಿಲ್ಲ.

ಇನ್ನೂ ಒಂದು ಸಂಶಯ ಉಳಿದಿತ್ತು: ತಪ್ಪು ಆ ಕಂಪನಿಯ ಕ್ಯಾಮೆರಾ ಆ್ಯಪ್‌ನದ್ದೇ ಏಕಿರಬಾರದು? ಅದೇ ಫೋನ್‌ಗೆ ಹಗುರವಾದ ಬೇರೊಂದು ಕ್ಯಾಮೆರಾ ಆ್ಯಪ್ ಹಾಕಿ ಅದರಿಂದ ಫೋಟೊ ತೆಗೆದೆ. ಬಗ್ ಹೆಚ್ಚುಕಡಿಮೆ ಮಾಯವಾಯಿತು. ಹಾಗೆಂದು ಕ್ಯಾಮೆರಾವನ್ನು ದೂರುವಂತಿಲ್ಲ. ಇನ್ನೂ ಹತ್ತಾರು ಆ್ಯಪ್ ತೆರೆದಿಟ್ಟರೆ ಹಗುರ ಕ್ಯಾಮೆರಾದಲ್ಲೂ ಬಗ್ ಮರಳುತ್ತಿತ್ತು. ಕ್ಯಾಮೆರಾ ಎಷ್ಟು ಮೆಮೊರಿ ಕೇಳುತ್ತದೆ ಎಂಬುದಷ್ಟೇ ವ್ಯತ್ಯಾಸ. (ಆಂಡ್ರಾಯ್ಡ್ 11ಕ್ಕೆ ಹೊಂದಿಸಿದ ಆ್ಯಪ್ ಅದೇ ಆವೃತ್ತಿಯ ಅಥವಾ ಹೊಸ ಫೋನ್‌ನಲ್ಲಿದ್ದರೆ, ಫೋಟೊ ಕೋರಿಕೆ ಫೋನ್ ಜೊತೆಗೆ ಬಂದ ಕ್ಯಾಮೆರಾಕ್ಕೇ ಹೋಗುತ್ತದೆ. ಅಲ್ಲಿ ಈ ಪ್ರಯೋಗ ಸುಲಭವಲ್ಲ.)

ಕೆಟ್ಟ ಫೋನ್‌ನಲ್ಲಿ ಬಗ್ ಹೋಗುವಂತೆ ಮಾಡಿದ್ದು ಅರ್ಧ ಸಾಕ್ಷಿ. ಒಳ್ಳೆಯ ಫೋನ್‌ನಲ್ಲಿ ಬರುವಂತೆ ಮಾಡಿದರೆ ಪೂರ್ತಿ. ಮುಖ್ಯಸ್ಥರ 12 ಜಿಬಿ ಫೋನ್ ಕೇಳಿ ಪಡೆದೆ. ಮೂರು ಪುಟ ತುಂಬಿ, ಕ್ಯಾಮೆರಾ ತೆರೆದು, ಅದು ಪರದೆಯ ಮೇಲಿರುವಾಗಲೇ ಇದನ್ನು ಕೊಟ್ಟೆ:

```
adb shell am kill com.example.app
```

ಫೋಟೊ ಒತ್ತಿ ಮರಳಿದಾಗ ಬಿಳಿ ಪರದೆ, ನಂತರ ಫೋಟೊ ಪುಟ, ಹಿಂದಿನ ಪುಟಗಳೆಲ್ಲ ಖಾಲಿ. "ಇನ್ನೊಮ್ಮೆ ಮಾಡಿ ತೋರಿಸಿ" ಎಂದರು. ಇನ್ನೊಮ್ಮೆಯೂ ಬಂತು. ಅಂದಿನಿಂದ ಫೋನ್ ಕಳಪೆ ಎಂಬ ಮಾತು ನಿಂತಿತು. ನಾನು ಕೊಟ್ಟ ಮೂರೂವರೆ ಸಾವಿರವೂ ಮುಂದಿನ ಸಂಬಳದ ಜೊತೆ ವಾಪಸ್ ಬಂತು.

ಇಲ್ಲಿ ಇಬ್ಬರು ಮೂವರು ಸಹೋದ್ಯೋಗಿಗಳು ಎಡವಿದ್ದನ್ನು ನೋಡಿದ್ದೇನೆ. am force-stop ಕೊಟ್ಟರೆ, ಇಲ್ಲವೇ ಇತ್ತೀಚಿನ ಆ್ಯಪ್‌ಗಳ ಸಾಲಿನಿಂದ ಸರಿಸಿ ತೆಗೆದರೆ ಅದು ಬೇರೆಯದೇ ಸಾವು. ಆ್ಯಪ್ ಮೊದಲಿನಿಂದ ಶುರುವಾಗುತ್ತದೆ, ಬಿಟ್ಟ ಪುಟಕ್ಕೆ ಮರಳುವುದಿಲ್ಲ. am kill ಹಿನ್ನೆಲೆಯಲ್ಲಿರುವ ಪ್ರೊಸೆಸ್ ಅನ್ನು ಮಾತ್ರ ಕೊಲ್ಲುತ್ತದೆ. ಆ್ಯಪ್ ಎದುರಿಗಿದ್ದರೆ ಅಥವಾ ಸ್ಥಳ ಪತ್ತೆಯಂಥ ಮುನ್ನೆಲೆ ಸೇವೆ ಓಡುತ್ತಿದ್ದರೆ ಏನೂ ಆಗುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಆದ್ದರಿಂದ ಕೊಟ್ಟ ಮೇಲೆ pidof ಮತ್ತೊಮ್ಮೆ ನೋಡಿ, ಉತ್ತರ ಖಾಲಿ ಬಂದರೆ ಮಾತ್ರ ಮುಂದುವರಿಯುತ್ತೇನೆ.

am kill ಕೊಟ್ಟರೂ ಒಳ್ಳೆಯ ಫೋನ್‌ನಲ್ಲಿ ಬಗ್ ಬಾರದಿದ್ದರೆ ಮೆಮೊರಿಯ ದಾರಿ ಬಿಟ್ಟು, ಎರಡು ಫೋನ್‌ಗಳ ಬಿಲ್ಡ್, ವೆಬ್‌ವ್ಯೂ ಆವೃತ್ತಿ, ಅಕ್ಷರ ಗಾತ್ರ, ಬ್ಯಾಟರಿ ಉಳಿತಾಯದ ನಿಯಮಗಳನ್ನು ಒಂದೊಂದಾಗಿ ಹೋಲಿಸುವ ಬೇರೆ ಕೆಲಸ ಶುರುವಾಗುತ್ತದೆ.

ಡೆವಲಪರ್‌ಗಳು ಪ್ರತಿ ಪುಟವನ್ನೂ ಫೋನ್‌ನ ಡೇಟಾಬೇಸ್‌ಗೆ ಕರಡಾಗಿ ಬರೆದು, ಆ್ಯಕ್ಟಿವಿಟಿಯ ಉಳಿಸಿದ ಸ್ಥಿತಿಯಲ್ಲಿ ಕರಡಿನ ಸಂಖ್ಯೆಯನ್ನಷ್ಟೇ ಇಟ್ಟರು. ಪುಟಗಳು ಉಳಿದವು. ಅದೇ ಪರೀಕ್ಷೆಯನ್ನು ಮತ್ತೆ ಓಡಿಸಿದಾಗ ಹೊಸದೊಂದು ಸಿಕ್ಕಿತು: ಪುಟಗಳೆಲ್ಲ ಇವೆ, ತೆಗೆದ ಫೋಟೊ ಮಾತ್ರ ಇಲ್ಲ. ಫೋಟೊ ಎಲ್ಲಿ ಉಳಿಯಬೇಕೆಂಬ ವಿಳಾಸ ಬರೀ ವೇರಿಯಬಲ್‌ನಲ್ಲಿತ್ತು, ಪ್ರೊಸೆಸ್ ಜೊತೆ ಅದೂ ಹೋಗುತ್ತಿತ್ತು. ಈ ಬಾರಿ ದೂರು ದಾಖಲಿಸುವಾಗ ಮಾಡೆಲ್ ಹೆಸರಿನ ಜಾಗದಲ್ಲಿ "ಎಲ್ಲವೂ" ಎಂದು ಬರೆದೆ. ಯಾರೂ ಪ್ರಶ್ನಿಸಲಿಲ್ಲ.